ಎಲ್ಲಿ ನಿಲ್ಲಬೇಕು: ಕನ್ನಡದ ಯಂತ್ರವಾಚನ ಕುರಿತು ಒಂದು ಸಂವಾದ

ಬರೆದ ಕನ್ನಡವನ್ನು ಯಂತ್ರವೇ ಗಟ್ಟಿಯಾಗಿ ಓದುವಂತೆ ಮಾಡುವ ತಂತ್ರ ಟೆಕ್ಸ್ಟ್ ಟು ಸ್ಪೀಚ್ ಎಂಬ ಹೆಸರಿನಿಂದ ಬಳಕೆಯಲ್ಲಿದೆ. ಅದು ಹೊರಡಿಸುವ ದನಿ ಒಂದೆರಡು ವಾಕ್ಯಗಳ ಮಟ್ಟಿಗೆ ಮನುಷ್ಯರದೇ ಎನ್ನಿಸುವಷ್ಟು ನಯವಾಗಿದೆಯಾದರೂ, ಕಾದಂಬರಿಯ ಒಂದು ಅಧ್ಯಾಯವನ್ನೋ ನದಿದಂಡೆಯ ಬೀದಿಗಳಲ್ಲಿ ಸಾರಬೇಕಾದ ಎಚ್ಚರಿಕೆಯನ್ನೋ ಅದಕ್ಕೆ ಒಪ್ಪಿಸಿದಾಗ ಸಹಜವಾದ ಓದು ಎಂದರೇನು ಎಂಬ ಪ್ರಶ್ನೆ ಮತ್ತೆ ಏಳುತ್ತದೆ. ಈ ಪ್ರಶ್ನೆಯನ್ನು ಇಲ್ಲಿ ಇಬ್ಬರು ಚರ್ಚಿಸುತ್ತಾರೆ. ಒಬ್ಬರು ಭದ್ರಾವತಿಯ ಓಲ್ಡ್ ಟೌನಿನ ನಿವಾಸಿ, ನಿವೃತ್ತ ಕನ್ನಡ ಅಧ್ಯಾಪಕರು. ಗಮಕವಾಚನ ಕೇಳುತ್ತ ಬೆಳೆದು, ಈಗ ಅಂಧ ಕೇಳುಗರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿಕೊಡುವವರು. ಇನ್ನೊಬ್ಬಳು ಶಿವಮೊಗ್ಗದಲ್ಲಿ ಓದಿ ಮಾತಿನ ತಂತ್ರಜ್ಞಾನದಲ್ಲಿ ಕೆಲಸ ಮಾಡುತ್ತಿರುವ ಯುವತಿ, ಅವರ ಹಿಂದಿನ ವಿದ್ಯಾರ್ಥಿನಿ.

ಹಿರಿಯರು: ಇಂದಿನ ಯಂತ್ರದ ದನಿಯಲ್ಲಿ ಇಂಪಿಲ್ಲವೆಂದು ಯಾರೂ ದೂರುವಂತಿಲ್ಲ, ಮಗಳೇ. ಕೊರತೆ ಇರುವುದು ದನಿಯಲ್ಲಲ್ಲ, ಓದಿನಲ್ಲಿ. ದನಿ ಎಷ್ಟೇ ಚೆನ್ನಾಗಿದ್ದರೂ ಓದುವವನಿಗೆ ಅರ್ಥವಾಗದಿದ್ದರೆ ಕೇಳುವವನಿಗೆ ಅದು ಕೂಡಲೇ ತಿಳಿದುಬಿಡುತ್ತದೆ.

ಯುವತಿ: ಆ ವಿಂಗಡಣೆ ತಂತ್ರದ ಒಳಗೂ ಇದೆ, ಮೇಷ್ಟ್ರೇ. ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದರಲ್ಲಿ ಅಂಕಿ, ಸಂಕ್ಷೇಪ, ಚಿಹ್ನೆಗಳನ್ನೆಲ್ಲ ಓದಬಹುದಾದ ಪದಗಳಾಗಿ ಬಿಡಿಸಲಾಗುತ್ತದೆ. ಎರಡನೆಯದರಲ್ಲಿ ಪ್ರತಿಯೊಂದು ಧ್ವನಿಯನ್ನು ಎಷ್ಟು ಹೊತ್ತು ಹಿಡಿಯಬೇಕು, ಸ್ವರದ ಏರಿಳಿತ ಹೇಗಿರಬೇಕು ಎಂಬುದನ್ನು ಒಂದು ಮಾದರಿ ಊಹಿಸಿ, ಯಾವ ಕ್ಷಣದಲ್ಲಿ ಯಾವ ಕಂಪನಕ್ಕೆ ಎಷ್ಟು ಬಲವಿರಬೇಕೆಂಬ ನಕ್ಷೆಯನ್ನು ಸಿದ್ಧಪಡಿಸುತ್ತದೆ. ಆ ನಕ್ಷೆಯಿಂದ ಕಿವಿಗೆ ಕೇಳುವ ದನಿಯನ್ನು ಹೊರಡಿಸುವ ಮೂರನೆಯ ಹಂತಕ್ಕೆ ವೋಕೋಡರ್ ಎನ್ನುತ್ತಾರೆ. ಮದರಾಸಿನ ಐಐಟಿಯಲ್ಲಿರುವ ಎಐ4ಭಾರತ್ ಗುಂಪು 2022ರಲ್ಲಿ ಕನ್ನಡವೂ ಸೇರಿದಂತೆ 13 ಭಾರತೀಯ ಭಾಷೆಗಳಿಗೆ ಕಟ್ಟಿದ ಮಾದರಿಗಳು ಇದೇ ಕ್ರಮದವು. ದನಿಯ ಇಂಪು ಹುಟ್ಟುವುದು ಮೂರನೆಯ ಹಂತದಲ್ಲಿ, ಅದು ಬಹುಮಟ್ಟಿಗೆ ಕೈಗೆ ಹತ್ತಿದೆ. ನೀವು ಓದು ಎನ್ನುವುದೆಲ್ಲ ಮೊದಲ ಎರಡರಲ್ಲಿದೆ.

ಹಿರಿಯರು: ಹಾಗಾದರೆ ಆ ಎರಡನೆಯ ಹಂತದ ಬಗ್ಗೆಯೇ ಕೇಳಬೇಕು. ಕನ್ನಡದಲ್ಲಿ ಹಳಿಗೂ ಹಳ್ಳಿಗೂ, ಕತೆಗೂ ಕತ್ತೆಗೂ, ಬಳೆಗೂ ಬಾಳೆಗೂ ಇರುವ ಅಂತರ ಕಾಲದ ಅಂತರ. ಒತ್ತಕ್ಷರವನ್ನು ಅರ್ಧದಷ್ಟೇ ಹಿಡಿದರೆ ಪದವೇ ಬೇರೆಯಾಗುತ್ತದೆ. ಯಂತ್ರ ಅದನ್ನು ಹೇಗೆ ಕಾಯುತ್ತದೆ?

ಯುವತಿ: ಆ ಮಟ್ಟಿಗೆ ಕನ್ನಡದ ಲಿಪಿಯೇ ಆಸರೆಯಾಗಿದೆ. ಹ್ರಸ್ವ, ದೀರ್ಘ, ದ್ವಿತ್ವ ಎಲ್ಲವೂ ಬರಹದಲ್ಲಿ ಕಾಣುತ್ತವೆಯಾದ್ದರಿಂದ ಮಾದರಿ ಅವನ್ನು ಬೇಗ ಕಲಿಯುತ್ತದೆ. ಬರಹ ಮತ್ತು ಉಚ್ಚಾರಣೆ ಬೇರೆಯಾಗುವ ಕಡೆಗಳು ಕೆಲವೇ: ‘ಚಿಹ್ನೆ’ಯಂಥ ಪದದಲ್ಲಿ ಬಾಯಿಯಲ್ಲಿ ಹಕಾರಕ್ಕೆ ಮೊದಲೇ ನಕಾರ ಬರುವುದು, ಅನುಸ್ವಾರ ಮುಂದಿನ ಅಕ್ಷರಕ್ಕೆ ತಕ್ಕಂತೆ ಬದಲಾಗುವುದು, ‘ಕಾಫಿ’ಯ ಫಕಾರವೂ ‘ಫಲ’ದ ಫಕಾರವೂ ಒಂದೇ ಅಕ್ಷರದಲ್ಲಿ ಅಡಗಿರುವುದು. ಇವನ್ನು ನಿಯಮಗಳಿಂದಲೂ ಪದಪಟ್ಟಿಗಳಿಂದಲೂ ಸರಿಪಡಿಸಬಹುದು. ಆದ್ದರಿಂದ ಅಕ್ಷರದ ಮಟ್ಟದಲ್ಲಿ ಕನ್ನಡ ಯಂತ್ರಕ್ಕೆ ಕಷ್ಟದ ಭಾಷೆಯಲ್ಲ.

ಹಿರಿಯರು: ಲಿಪಿಯಲ್ಲಿ ಕಾಣದೆ ಇರುವುದನ್ನು ಕೇಳುತ್ತೇನೆ. ‘ಗೇಟಿನ ಬಳಿ ನಿಂತಿದ್ದ ಹುಡುಗನ ಅಜ್ಜಿ ಕರೆದಳು’ ಎಂಬ ವಾಕ್ಯ ಒಂದು ಕತೆಯಲ್ಲಿ ಬಂದಿದೆ ಎಂದಿಟ್ಟುಕೊಳ್ಳೋಣ. ಗೇಟಿನ ಬಳಿ ನಿಂತಿದ್ದವರು ಯಾರು, ಹುಡುಗನೋ ಅಜ್ಜಿಯೋ? ‘ನಿಂತಿದ್ದ’ ಎಂಬ ಕೃದಂತಕ್ಕೆ ಲಿಂಗವಿಲ್ಲ, ವಚನವಿಲ್ಲ. ಅದು ಯಾವ ನಾಮಪದಕ್ಕೆ ಬೇಕಾದರೂ ಅಂಟಿಕೊಳ್ಳುತ್ತದೆ. ಹಿಂದಿನ ಪುಟದಲ್ಲಿ ಅಜ್ಜಿ ಮನೆಯಿಂದ ಹೊರಟದ್ದನ್ನು ಓದಿರುವವನು ‘ನಿಂತಿದ್ದ’ ಎಂಬಲ್ಲಿ ಕೊಂಚ ತಡೆದು ‘ಹುಡುಗನ ಅಜ್ಜಿ’ಯನ್ನು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಹುಡುಗನೇ ಅಲ್ಲಿ ಕಾಯುತ್ತಿದ್ದನೆಂದು ಬಲ್ಲವನು ‘ನಿಂತಿದ್ದ ಹುಡುಗನ’ ಎಂಬುದನ್ನು ಕೂಡಿಸಿ ಓದಿ, ಅಜ್ಜಿಯ ಮುಂಚೆ ತಡೆಯುತ್ತಾನೆ. ಯಂತ್ರ ಏನು ಮಾಡುತ್ತದೆ?

ಯುವತಿ: ಬಹಳಷ್ಟು ಸಲ ಎರಡನ್ನೂ ಮಾಡುವುದಿಲ್ಲ, ಮತ್ತು ಅದಕ್ಕೆ ಸ್ಪಷ್ಟವಾದ ಕಾರಣವಿದೆ. ತರಬೇತಿಯ ಧ್ವನಿಮುದ್ರಣಗಳಲ್ಲಿ ಈ ರಚನೆಯ ವಾಕ್ಯಗಳು ಎರಡೂ ಬಗೆಯಲ್ಲಿ ಓದಲ್ಪಟ್ಟಿರುತ್ತವೆ. ತನ್ನ ಊಹೆಗೂ ಮೂಲ ಓದಿಗೂ ಇರುವ ಒಟ್ಟು ವ್ಯತ್ಯಾಸವನ್ನು ಕಡಿಮೆ ಮಾಡುವುದೇ ಮಾದರಿಯ ಗುರಿಯಾಗಿರುವುದರಿಂದ, ಎರಡು ಓದುಗಳ ನಡುವಿನ ಸರಾಸರಿ ಅದಕ್ಕೆ ಅತ್ಯಂತ ಕಡಿಮೆ ತಪ್ಪಿನ ಉತ್ತರವಾಗಿ ತೋರುತ್ತದೆ. ಹಾಗಾಗಿ ನಿಲುಗಡೆ ಇತ್ತ ಇಲ್ಲವೆಂದೂ ಅತ್ತ ಇದೆಯೆಂದೂ ಹೇಳಲಾಗದಷ್ಟು ಮಸುಕಾಗುತ್ತದೆ, ಸ್ವರದ ಏರು ತಗ್ಗಿ ಸಮತಟ್ಟಾಗುತ್ತದೆ. ಕೇಳುಗರು ಭಾವವಿಲ್ಲದ ಓದು ಎನ್ನುವುದು ಅನೇಕ ವೇಳೆ ಈ ಸರಾಸರಿಯನ್ನೇ. ಹೊಸ ಮಾದರಿಗಳು ಸರಾಸರಿ ತೆಗೆಯುವ ಬದಲು ಸಂಭವನೀಯ ಓದುಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತವೆ. ಅವುಗಳ ಓದಿನಲ್ಲಿ ಜೀವ ಹೆಚ್ಚು, ಆದರೆ ತಪ್ಪು ಅರ್ಥವನ್ನೂ ಅಷ್ಟೇ ಧೈರ್ಯದಿಂದ ಹೇಳಿಬಿಡುವ ಅಪಾಯವೂ ಹೆಚ್ಚು.

ಹಿರಿಯರು: ಮಸುಕಾದ ಓದಿಗಿಂತ ಖಚಿತವಾದ ತಪ್ಪು ಓದು ಹೆಚ್ಚು ಕೇಡಿನದು. ಮಸುಕಾದಲ್ಲಿ ಕೇಳುಗ ತಾನೇ ಯೋಚಿಸಿ ಅರ್ಥ ಮಾಡಿಕೊಂಡಾನು. ತಪ್ಪನ್ನು ಸ್ಪಷ್ಟವಾಗಿ ಹೇಳಿದರೆ ಅವನು ಅದನ್ನೇ ನಂಬುತ್ತಾನೆ.

ಯುವತಿ: ಅದಕ್ಕಾಗಿಯೇ ಪಠ್ಯದೊಳಗೆ ಗುರುತು ಹಾಕುವ ಪದ್ಧತಿಯಿದೆ. ಎಸ್‌ಎಸ್‌ಎಂಎಲ್ ಎಂಬ ಗುರುತು ಭಾಷೆಯನ್ನು ಅಂತರಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2004ರಲ್ಲಿಯೇ ಅಂಗೀಕರಿಸಿತು. ನಿಮ್ಮ ವಾಕ್ಯದಲ್ಲಿ ಅಜ್ಜಿಯೇ ನಿಂತಿದ್ದಳೆಂದು ಹೇಳಬೇಕಾದರೆ ಸಂಪಾದಕರು ಸೇರಿಸಬೇಕಾದದ್ದು ಇಷ್ಟು:

```
<speak>
ಗೇಟಿನ ಬಳಿ ನಿಂತಿದ್ದ <break time="250ms"/> ಹುಡುಗನ ಅಜ್ಜಿ ಕರೆದಳು.
</speak>
```

ಇದರಿಂದ ಆ ಜಾಗದಲ್ಲಿ ಕಾಲು ಸೆಕೆಂಡಿನ ಮೌನ ಬರುತ್ತದೆ.

ಹಿರಿಯರು: ಮೌನವೊಂದೇ ನಿಲುಗಡೆಯಲ್ಲ. ಒಳ್ಳೆಯ ಓದುಗ ತಡೆಯುವ ಮುನ್ನ ‘ನಿಂತಿದ್ದ’ದ ಕೊನೆಯ ಅಕಾರವನ್ನು ತುಸು ಎಳೆದು, ದನಿಯನ್ನು ಕೊಂಚ ಮೇಲೆತ್ತಿ, ಮಾತು ಇನ್ನೂ ಮುಗಿದಿಲ್ಲವೆಂಬ ಸೂಚನೆ ಕೊಡುತ್ತಾನೆ. ಹಾಗೆ ಎಳೆಯದೆ, ಎತ್ತದೆ ಮೌನವನ್ನಷ್ಟೇ ತುರುಕಿದರೆ ಓದುವವನಿಗೆ ಅಕ್ಷರ ತಿಳಿಯದೆ ಎಡವಿದಂತೆ ಕೇಳಿಸುತ್ತದೆ. ಕನ್ನಡ ವಾಕ್ಯದ ಕ್ರಿಯಾಪದ ಕೊನೆಯಲ್ಲಿ ಬರುವುದರಿಂದ, ‘ಹೋಗಿ’, ‘ನೋಡಿ’, ‘ಕುಳಿತು’ ಎಂದು ಒಂದರ ಮೇಲೊಂದು ಪೋಣಿಸಿದ ಉದ್ದನೆಯ ವಾಕ್ಯದಲ್ಲಿ ಕೇಳುಗನನ್ನು ಕೊನೆಯವರೆಗೆ ಕೈಹಿಡಿದು ನಡೆಸುವುದು ಈ ಎಳೆತ ಮತ್ತು ಎತ್ತುವಿಕೆಗಳೇ.

ಯುವತಿ: ಆ ಆಕ್ಷೇಪವನ್ನು ಒಪ್ಪಬೇಕು. ಗುರುತು ಹಾಕಿದಾಗ ಅದಕ್ಕೆ ತಕ್ಕಂತೆ ಹಿಂದಿನ ಸ್ವರವನ್ನೂ ಹಿಗ್ಗಿಸುವ ಮಾದರಿಗಳಿವೆ, ಬರೀ ಮೌನ ಸೇರಿಸಿ ಬಿಡುವವೂ ಇವೆ. ಯಾವುದು ಯಾವ ಬಗೆಯದೆಂದು ಕೇಳಿಯೇ ತಿಳಿಯಬೇಕು.

ಹಿರಿಯರು: ಗಮಕಿಗಳು ಈ ಪ್ರಶ್ನೆಯನ್ನು ಬಿಡಿಸಿಕೊಂಡ ಬಗೆಯನ್ನು ನೀನು ಗಮನಿಸಬೇಕು. ಶಿವಮೊಗ್ಗದ ಬಳಿಯ ಹೊಸಹಳ್ಳಿಯವರೂ 2022ರಲ್ಲಿ ಪದ್ಮಶ್ರೀ ಪಡೆದವರೂ ಆದ ಎಚ್. ಆರ್. ಕೇಶವಮೂರ್ತಿಯವರಂಥ ಗಮಕಿಗಳ ಕಲೆಯಲ್ಲಿ ರಾಗ ಎಂದಿಗೂ ಅರ್ಥವನ್ನು ಮೀರುವಂತಿಲ್ಲ. ಷಟ್ಪದಿಯ ಗಣ ಒಂದೆಡೆ ಮುರಿಯುತ್ತದೆ, ಪದ ಇನ್ನೊಂದೆಡೆ ಮುಗಿಯುತ್ತದೆ. ಸಂಧಿಯಲ್ಲಿ ಬೆಸೆದ ಪದಗಳನ್ನು ಎಲ್ಲಿ ಬಿಡಿಸಬೇಕೆಂಬ ಪದಚ್ಛೇದದ ನಿರ್ಧಾರವನ್ನು ಗಮಕಿ ಹಾಡುವ ಮೊದಲೇ ಮಾಡಿರುತ್ತಾನೆ. ಅಂದರೆ ಪದ್ಯ ಅವನಿಗೆ ಅರ್ಥವಾದ ಮೇಲೆಯೇ ಬಾಯಿಗೆ ಬರುತ್ತದೆ. ನಿನ್ನ ಯಂತ್ರ ವಾಕ್ಯವನ್ನು ಕಂಡ ಕೂಡಲೇ ಓದುತ್ತದೆ, ಹಿಂದಿನ ಪುಟ ಅದಕ್ಕೆ ಗೊತ್ತಿಲ್ಲ.

ಯುವತಿ: ಗೊತ್ತಿಲ್ಲದಿರುವುದಕ್ಕೆ ತರಬೇತಿಯ ಕ್ರಮವೂ ಕಾರಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿಸ್ಪಿನ್ ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳಿಗೆ ಒಬ್ಬ ಪುರುಷ, ಒಬ್ಬ ಮಹಿಳೆಯ ದನಿಯಲ್ಲಿ ತಲಾ ಸುಮಾರು 40 ಗಂಟೆಗಳ ಓದನ್ನು ಸಂಗ್ರಹಿಸಲಾಗಿದೆ. ಕನ್ನಡದ ಮಟ್ಟಿಗೆ ಇದು ದೊಡ್ಡ ಆಸ್ತಿ. ಆದರೆ ಇಂಥ ಸಂಗ್ರಹಗಳಲ್ಲಿ ಸಾಮಾನ್ಯವಾಗಿ ಪ್ರತಿ ವಾಕ್ಯವೂ ಬಿಡಿ. ಮುಂದಿನ ವಾಕ್ಯಕ್ಕೂ ಅದಕ್ಕೂ ನಂಟಿಲ್ಲ. ಬಿಡಿವಾಕ್ಯಗಳಿಂದ ಕಲಿತ ಮಾದರಿ ಪ್ರತಿ ವಾಕ್ಯವನ್ನೂ ಒಂದೇ ಎತ್ತರದಲ್ಲಿ ಆರಂಭಿಸಿ, ಒಂದೇ ಇಳಿಜಾರಿನಲ್ಲಿ ಮುಗಿಸುತ್ತದೆ. ಮನುಷ್ಯರಾದರೆ ಹೊಸ ಪ್ಯಾರಾದ ಮೊದಲ ವಾಕ್ಯವನ್ನು ಎತ್ತರದಲ್ಲಿ ಹಿಡಿದು, ಮುಂದಿನವನ್ನು ಹಂತಹಂತವಾಗಿ ತಗ್ಗಿಸುತ್ತ ಬರುತ್ತಾರೆ.

ಹಿರಿಯರು: ಅಧ್ಯಾಯವಿಡೀ ಕೇಳಿದಾಗ ಹತ್ತು ನಿಮಿಷದಲ್ಲೇ ಮನಸ್ಸು ದೂರ ಸರಿಯುವುದು ಅದರಿಂದಲೇ ಇರಬೇಕು. ಹಾಗಿದ್ದರೂ ಈ ದನಿಗಳಿಗೆ ಒಳ್ಳೆಯ ಅಂಕ ಸಿಗುವುದು ಹೇಗೆ?

ಯುವತಿ: ಪರೀಕ್ಷೆಯೂ ಬಿಡಿವಾಕ್ಯಗಳ ಮೇಲೆಯೇ ನಡೆಯುತ್ತದೆ. ಕೇಳುಗರಿಗೆ ಕೆಲವು ವಾಕ್ಯಗಳನ್ನು ಕೇಳಿಸಿ, ಎಷ್ಟು ಸಹಜವೆಂದು 1ರಿಂದ 5ರವರೆಗೆ ಅಂಕ ಕೊಡಿಸಿ, ಸರಾಸರಿ ತೆಗೆಯುತ್ತಾರೆ. ಒಂದು ವಾಕ್ಯಕ್ಕೆ ಸಿಕ್ಕ ನಾಲ್ಕೂವರೆ ಅಂಕ ಇನ್ನೂರು ವಾಕ್ಯಗಳ ಅಧ್ಯಾಯದ ಬಗ್ಗೆ ಏನನ್ನೂ ಹೇಳುವುದಿಲ್ಲ. ಇದು ಈ ಕ್ಷೇತ್ರದ ದೊಡ್ಡ ದೌರ್ಬಲ್ಯ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಒಂದು ಮಾತನ್ನು ನಿಮಗೂ ಕೇಳಬೇಕು, ಮೇಷ್ಟ್ರೇ. ನೀವು ವರ್ಷಕ್ಕೆ ಎಷ್ಟು ಪುಸ್ತಕ ಓದಿಕೊಡಬಲ್ಲಿರಿ? ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ದಶಕಗಳಿಂದ ಸ್ವಯಂಸೇವಕರ ದನಿಯಲ್ಲಿ ಅಂಧರಿಗೆ ಪುಸ್ತಕಗಳನ್ನು ಒದಗಿಸುತ್ತಿವೆ, ಆದರೂ ಕನ್ನಡದಲ್ಲಿ ಅಚ್ಚಾಗುವುದರ ಚಿಕ್ಕದೊಂದು ಪಾಲು ಮಾತ್ರ ಹಾಗೆ ಓದಲ್ಪಡುತ್ತದೆ. ಪರೀಕ್ಷೆ ಮುಂದಿರುವ ಅಂಧ ವಿದ್ಯಾರ್ಥಿನಿ ಸರಿಯಾದ ನಿಲುಗಡೆಗಾಗಿ ಆರು ತಿಂಗಳು ಕಾಯಬೇಕೇ?

ಹಿರಿಯರು: ಕಾಯಬೇಕಾಗಿಲ್ಲ. ಪಠ್ಯಪುಸ್ತಕಕ್ಕೆ ಯಂತ್ರದ ಓದು ಬೇಡವೆಂದು ಹೇಳುವುದು ಅನ್ಯಾಯವಾದೀತು.

ಯುವತಿ: ಇನ್ನೂ ಒಂದು ಸಂಗತಿ. ಕಂಪ್ಯೂಟರಿನ ಪರದೆಯನ್ನು ಓದಿಹೇಳುವ ತಂತ್ರಾಂಶಗಳೊಂದಿಗೆ ಅನೇಕ ಅಂಧ ಓದುಗರು ಬಳಸುವುದು ಇ-ಸ್ಪೀಕ್‌ನಂಥ ಹಳೆಯ ಬಗೆಯ ದನಿಯನ್ನು. ಅದು ಯಾರ ಧ್ವನಿಮುದ್ರಣದಿಂದಲೂ ಕಲಿತದ್ದಲ್ಲ. ಬಾಯಿಯ ಅನುರಣನಗಳನ್ನು ಸೂತ್ರಗಳಿಂದ ಲೆಕ್ಕಹಾಕಿ ದನಿ ಕಟ್ಟುತ್ತದೆ. ಕೇಳಲು ಲೋಹದ ದನಿ. ಆದರೆ ಮಾಮೂಲಿಗಿಂತ ಎರಡು ಮೂರು ಪಟ್ಟು ವೇಗದಲ್ಲಿ ಓಡಿಸಿದರೂ ಅದರ ಅಕ್ಷರಗಳು ಕರಗುವುದಿಲ್ಲ, ಕೀಲಿ ಒತ್ತಿದೊಡನೆ ಮಾತಾಡುತ್ತದೆ. ಸಹಜವೆನ್ನಿಸುವ ದನಿಯನ್ನು ಅಷ್ಟು ವೇಗಕ್ಕೆ ಒಡ್ಡಿದರೆ ಅದು ತೊದಲಬಹುದು. ಹಾಗಾದರೆ ಸಹಜತೆಯೇ ಒಳ್ಳೆಯ ಓದಿನ ಅಳತೆ ಎನ್ನುವುದು ಹೇಗೆ?

ಹಿರಿಯರು: ಮಾಹಿತಿಗಾಗಿ ಕೇಳುವವರಿಗೆ ನಿನ್ನ ಮಾತು ಸರಿ. ಕಾದಂಬರಿಯ ಓದುಗ ಮಾಹಿತಿಗಾಗಿ ಕೂತಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ತೆಗೆದುಕೋ. ಅದರ ನಿರೂಪಣೆ ಒಂದು ಕನ್ನಡ, ಪಾತ್ರಗಳ ಮಾತು ತೀರ್ಥಹಳ್ಳಿ ಸೀಮೆಯ ಇನ್ನೊಂದು ಕನ್ನಡ. ಪಾತ್ರಗಳ ಜಾತಿ, ವಯಸ್ಸು, ಅಂತಸ್ತುಗಳಿಗೆ ತಕ್ಕಂತೆ ಆ ಇನ್ನೊಂದರಲ್ಲೇ ಹಲವು ಬಗೆ. ಗ್ರಂಥಸ್ಥ ಕನ್ನಡದ ವಾಕ್ಯಗಳನ್ನು ಓದಿ ಕಲಿತ ದನಿ ಆ ಸಂಭಾಷಣೆಗಳನ್ನು ವಾರ್ತೆಯ ಲಯದಲ್ಲಿ ಓದಿದರೆ, ಅಕ್ಷರಗಳೆಲ್ಲ ಸರಿಯಿದ್ದೂ ಮಲೆನಾಡು ಅಲ್ಲಿಂದ ಮಾಯವಾಗುತ್ತದೆ.

ಯುವತಿ: ಮಲೆನಾಡಿನ ಮಾತುಗಾರರ ಧ್ವನಿಮುದ್ರಣ ಸಾಕಷ್ಟು ಸಿಕ್ಕಿದರೆ ಆ ಲಯವನ್ನೂ ಕಲಿಸಬಹುದು. ಇದು ದತ್ತಾಂಶದ ಕೊರತೆ, ತಂತ್ರದ ಮಿತಿಯಲ್ಲ.

ಹಿರಿಯರು: ಲಯವನ್ನು ಕಲಿಸಬಹುದು. ಯಾವ ಪಾತ್ರ ಯಾವಾಗ ಲಯ ಬದಲಿಸುತ್ತದೆ ಎಂಬ ವಿವೇಕವನ್ನು ಕಲಿಸಬಹುದೆಂದು ಒಪ್ಪುವುದು ಕಷ್ಟ. ಧಣಿಯ ಮುಂದೆ ಒಂದು ಬಗೆ, ಗಟ್ಟದ ದಾರಿಯಲ್ಲಿ ಒಂಟಿಯಾಗಿ ಇನ್ನೊಂದು ಬಗೆ ಮಾತಾಡುವವನನ್ನು ಪುಟದ ಮೇಲೆ ಯಾವ ಗುರುತೂ ತೋರಿಸುವುದಿಲ್ಲ.

ಇಲ್ಲಿ ಮಾತು ಪುಸ್ತಕದಿಂದ ಬೀದಿಗೆ ಹೊರಳುತ್ತದೆ. ಓಲ್ಡ್ ಟೌನನ್ನೂ ನ್ಯೂ ಟೌನನ್ನೂ ಬೇರ್ಪಡಿಸಿ ಹರಿಯುವ ಭದ್ರೆಗೆ ಲಕ್ಕವಳ್ಳಿಯ ಜಲಾಶಯದಿಂದ ನೀರು ಬಿಡುವ ಮಳೆಗಾಲದ ದಿನಗಳಲ್ಲಿ ತಗ್ಗಿನ ಪ್ರದೇಶದವರನ್ನು ಎಚ್ಚರಿಸಬೇಕಾಗುತ್ತದೆ. ಅಂಥ ಸಾರ್ವಜನಿಕ ಘೋಷಣೆಯಲ್ಲಿ ಸಹಜತೆಯ ಅಳತೆ ಬೇರೆಯೇ ಆಗುತ್ತದೆ ಎಂಬುದು ಯುವತಿಯ ವಾದ.

ಯುವತಿ: ಆಟೋದ ಮೇಲಿನ ಹಾರ್ನ್ ಸ್ಪೀಕರ್ ಆಳವಾದ ಕಂಪನಗಳನ್ನೂ ತೀರ ಮೇಲಿನ ಕಂಪನಗಳನ್ನೂ ನುಂಗಿ, ನಡುವಿನ ಪಟ್ಟಿಯನ್ನಷ್ಟೇ ಹೊರಬಿಡುತ್ತದೆ. ಸಕಾರದ ಬಲ ಹೆಚ್ಚಾಗಿ 4,000 ಹರ್ಟ್ಸ್‌ಗಿಂತ ಮೇಲಿರುವುದರಿಂದ ಅದು ಮೊದಲು ಮಂಕಾಗುತ್ತದೆ. ಮಕಾರ ನಕಾರಗಳ ಭೇದವೂ ಮಳೆಯ ಸದ್ದಿನಲ್ಲಿ ಅಳಿಸಿಹೋಗುತ್ತದೆ. ‘ಮೂರು’, ‘ನೂರು’, ‘ಆರು’ ಒಂದರಂತೆ ಒಂದು ಕೇಳಿಸುತ್ತವೆ. ಎದುರಿನ ಗೋಡೆಗಳಿಂದ ಮರಳುವ ಪ್ರತಿಧ್ವನಿ ಹಿಂದಿನ ಪದವನ್ನು ಮುಂದಿನ ಪದದ ಮೇಲೆ ಹರಡುತ್ತದೆ. ಇಂಥಲ್ಲಿ ಕಾದಂಬರಿ ಓದುವ ಮೃದುವಾದ ದನಿ ಸೋಲುತ್ತದೆ. ಪದಗಳ ನಡುವೆ ಬಿಡುವು ಹೆಚ್ಚಿಸಿ, ಸ್ವರಗಳನ್ನು ಹಿಗ್ಗಿಸಿ, ಸಂಖ್ಯೆಗೆ ಮುಂಚೆ ಅರ್ಧ ಸೆಕೆಂಡು ನಿಂತು, ಇಡೀ ಘೋಷಣೆಯನ್ನು ಎರಡು ಸಲ ಹೇಳುವ, ಕಿವಿಯ ಬಳಿ ಕೇಳಿದರೆ ಅಸಹಜವೆನ್ನಿಸುವ ಓದೇ ಬೀದಿಯಲ್ಲಿ ತಿಳಿಯುತ್ತದೆ.

ಹಿರಿಯರು: ಗದ್ದಲದಲ್ಲಿ ಮನುಷ್ಯನೂ ಹಾಗೆಯೇ ಮಾತಾಡುತ್ತಾನೆ, ಆದ್ದರಿಂದ ಅದನ್ನು ಅಸಹಜವೆನ್ನಬೇಡ. ಸ್ಥಳಕ್ಕೆ ತಕ್ಕ ಮಾತೇ ಸಹಜವಾದ ಮಾತು. ಸಂಖ್ಯೆಗಳ ಬಗ್ಗೆ ಹೇಳು. ಎಚ್ಚರಿಕೆಯಲ್ಲಿ ಮುಖ್ಯವಾದದ್ದು ಅವೇ.

ಯುವತಿ: ಕನ್ನಡದಲ್ಲಿ ಮೊದಲ ಹಂತದ ಕಷ್ಟವೆಲ್ಲ ಅಲ್ಲಿಯೇ ಕೂಡಿದೆ. ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಅದನ್ನು ‘ನೂರ ಎಂಬತ್ತಾರು ಅಡಿ’ ಎಂದೇ ಓದಬೇಕು. ಮೈಸೂರಿನಿಂದ ತಾಳಗುಪ್ಪಕ್ಕೆ ಹೋಗುವ 16227 ಸಂಖ್ಯೆಯ ರೈಲನ್ನು ‘ಒಂದು ಆರು ಎರಡು ಎರಡು ಏಳು’ ಎಂದು ಬಿಡಿಬಿಡಿಯಾಗಿ ಓದಬೇಕು. ಅದನ್ನೇ ‘ಹದಿನಾರು ಸಾವಿರದ ಇನ್ನೂರ ಇಪ್ಪತ್ತೇಳು’ ಎಂದರೆ ಪ್ರಯಾಣಿಕರಿಗೆ ಏನೂ ತಿಳಿಯದು. ಇನ್ನು ಅಂಕಿಗೆ ವಿಭಕ್ತಿ ಅಂಟಿದಾಗ ಸಂಧಿಯಾಗಬೇಕು. ‘1965ರಲ್ಲಿ’ ಎಂದು ಬರೆದದ್ದನ್ನು ‘ಅರವತ್ತೈದು’ ಎಂದು ಮುಗಿಸಿ ‘ರಲ್ಲಿ’ಯನ್ನು ಬೇರೆಯಾಗಿ ಹೇಳಿದರೆ ಯಂತ್ರವೆಂದು ಮಗುವಿಗೂ ಗೊತ್ತಾಗುತ್ತದೆ, ‘ಅರವತ್ತೈದರಲ್ಲಿ’ ಎಂದಾಗಬೇಕು. ‘10ಕ್ಕೆ’ ಎಂಬುದು ‘ಹತ್ತಕ್ಕೆ’, ‘2ನೇ’ ಎಂಬುದು ‘ಎರಡನೇ’. ‘2 ಜನ’ ಎಂಬುದನ್ನು ‘ಇಬ್ಬರು’ ಎಂದು ಓದುವುದೇ ಲೇಸು.

ಹಿರಿಯರು: ಊರಿನ ಹೆಸರುಗಳಲ್ಲಿಯೂ ಅದೇ ತೊಡಕು ಇರಬೇಕಲ್ಲ? ತಾಳಗುಪ್ಪಕ್ಕೆ, ಭದ್ರಾವತಿಗೆ, ಬೆಂಗಳೂರಿಗೆ. ಒಂದೇ ಚತುರ್ಥಿಗೆ ಮೂರು ರೂಪ.

ಯುವತಿ: ಇದೆ. ಮೊದಲೇ ಮುದ್ರಿಸಿಟ್ಟ ತುಣುಕುಗಳನ್ನು ಜೋಡಿಸಿ ಘೋಷಣೆ ಕಟ್ಟುವ ಹಳೆಯ ಪದ್ಧತಿಯಲ್ಲಿ ಊರಿನ ಹೆಸರು ಒಂದು ತುಣುಕು, ಪ್ರತ್ಯಯ ಇನ್ನೊಂದು ತುಣುಕು ಆಗುವಂತಿರಲಿಲ್ಲ. ಪ್ರತಿ ಊರಿಗೂ ಪ್ರತಿ ವಿಭಕ್ತಿರೂಪವನ್ನು ಬೇರೆಯಾಗಿ ಓದಿಸಬೇಕು, ಇಲ್ಲವೇ ‘ಕಡೆಗೆ’, ‘ವರೆಗೆ’ ಎಂದು ಸುತ್ತಿ ಹೇಳಬೇಕು. ಪಟ್ಟಿಯಾಗಿ ಓದಿದ ಹೆಸರಿನ ಸ್ವರವೂ ವಾಕ್ಯದ ನಡುವೆ ಬೇಕಾದ ಸ್ವರವೂ ಬೇರೆಯಾದ್ದರಿಂದ ಬೆಸುಗೆ ಎದ್ದುಕಾಣುತ್ತಿತ್ತು. ಈಗಿನ ಮಾದರಿಗಳು ಇಡೀ ವಾಕ್ಯವನ್ನು ಒಂದಾಗಿ ಕಟ್ಟುವುದರಿಂದ ಆ ಬೆಸುಗೆ ಇಲ್ಲ. ಘೋಷಣೆಗಳಲ್ಲಿ ವಾಕ್ಯದ ಚೌಕಟ್ಟು ನಿಶ್ಚಿತವಾಗಿರುವುದರಿಂದ ಬದಲಾಗುವ ಜಾಗಗಳನ್ನೆಲ್ಲ ಮೊದಲೇ ಪರೀಕ್ಷಿಸಬಹುದು. ನಡುರಾತ್ರಿ ದಣಿದ ಮನುಷ್ಯ ತಪ್ಪಿ ಹೇಳಬಹುದಾದ ಸಂಖ್ಯೆಯನ್ನು ಯಂತ್ರ ತಪ್ಪಿ ಹೇಳದು.

ಹಿರಿಯರು: ಆದರೆ ಅದಕ್ಕೆ ಕೊಟ್ಟ ಸಂಖ್ಯೆಯೇ ತಪ್ಪಾಗಿದ್ದರೆ ಅದು ತಡವರಿಸುವುದಿಲ್ಲ. ಮನುಷ್ಯ 186ರ ಜಾಗದಲ್ಲಿ 1860 ಎಂದು ಬರೆದದ್ದನ್ನು ಕಂಡರೆ ನಿಲ್ಲುತ್ತಾನೆ, ಕೇಳುತ್ತಾನೆ. ಇನ್ನೊಂದು, ಜನ ಎಚ್ಚರಿಕೆಯನ್ನು ನಂಬುವುದು ದನಿಯ ಗುರುತಿನಿಂದ. ಸೀರೆಯಂಗಡಿಯ ಜಾಹೀರಾತನ್ನೂ ನೆರೆಯ ಎಚ್ಚರಿಕೆಯನ್ನೂ ಒಂದೇ ದನಿ ಸಾರಿದರೆ ಎರಡನೆಯದಕ್ಕೆ ಯಾರೂ ಬಾಗಿಲು ತೆರೆಯುವುದಿಲ್ಲ.

ಯುವತಿ: ಎಚ್ಚರಿಕೆಗೆಂದೇ ಮೀಸಲಾದ ಒಂದು ದನಿಯನ್ನು ಇಡಬಹುದು, ಬೇರೆ ಯಾವುದಕ್ಕೂ ಬಳಸದಂತೆ. ಅದು ಆಡಳಿತದ ನಿರ್ಧಾರ. ಘೋಷಣೆ ಹೊರಡುವ ಮುನ್ನ ಸಂಖ್ಯೆ ಮಿತಿಯೊಳಗಿದೆಯೇ ಎಂದು ನೋಡುವ ತಡೆಯನ್ನೂ ಸೇರಿಸಬಹುದು. ಆದರೆ ಕೊನೆಯಲ್ಲಿ ಒಬ್ಬ ಮನುಷ್ಯ ಅದನ್ನು ಕೇಳಿ ಅನುಮತಿ ಕೊಡಬೇಕೆಂಬುದನ್ನು ನಿರಾಕರಿಸಲಾಗದು.

ಪರೀಕ್ಷೆಯ ಕ್ರಮದ ಬಗ್ಗೆ ಮಾತ್ರ ಇಬ್ಬರೂ ಬೇಗ ಒಂದಾಗುತ್ತಾರೆ. ಘೋಷಣೆಯನ್ನು ಪ್ರಯೋಗಾಲಯದಲ್ಲಿ ಅಳೆಯದೆ, ಅದೇ ಹಾರ್ನಿನಿಂದ ಅದೇ ಬೀದಿಯಲ್ಲಿ ನುಡಿಸಿ, ಕೇಳಿದವರಿಂದ ಸಂಖ್ಯೆ, ಸ್ಥಳ, ವೇಳೆಗಳನ್ನು ಬರೆಸಿಕೊಂಡು, ತಪ್ಪಿದ ಪದಗಳನ್ನು ಎಣಿಸಬೇಕು. ಚೆನ್ನಾಗಿದೆಯೇ ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ಪುಸ್ತಕವಾದರೆ ಬಿಡಿವಾಕ್ಯಗಳಿಗೆ ಅಂಕ ಕೊಡಿಸದೆ ಒಂದು ಇಡೀ ಅಧ್ಯಾಯವನ್ನು ಕೇಳಿಸಿ, ಯಾರು ಯಾರಿಗೆ ಏನು ಹೇಳಿದರೆಂದು ಪ್ರಶ್ನಿಸಬೇಕು, ಮತ್ತು ತೀರ್ಪುಗಾರರು ದಿನನಿತ್ಯ ಕಿವಿಯಿಂದಲೇ ಓದುವ ಅಂಧ ಓದುಗರಾಗಿರಬೇಕು. ಇದಾದ ಮೇಲೂ ಹಿರಿಯರು ಕಾದಂಬರಿಯನ್ನು ಯಂತ್ರಕ್ಕೆ ಒಪ್ಪಿಸಲು ಸಿದ್ಧರಿಲ್ಲ. ಓದುಗನೇ ಸಿಗದ ನೂರಾರು ಕನ್ನಡ ಕಾದಂಬರಿಗಳು ಮೌನವಾಗಿ ಉಳಿಯುವುದಕ್ಕಿಂತ ಸಂಪಾದಕರು ನಿಲುಗಡೆಗಳನ್ನು ಗುರುತಿಸಿಕೊಟ್ಟ ಯಂತ್ರದ ಓದು ಮೇಲೆಂಬ ನಿಲುವನ್ನು ಯುವತಿ ಬಿಡುವುದಿಲ್ಲ.

ಕೇಳುಪುಸ್ತಕಗಳ ಪ್ರಕಾಶಕರಲ್ಲಿ ಇಬ್ಬರೂ ಕೂಡಿ ಕೇಳುವುದು ಒಂದಿದೆ: ಪುಸ್ತಕದ ಆರಂಭದಲ್ಲಿ, ಲೇಖಕರ ಹೆಸರಿನ ಜೊತೆಯಲ್ಲೇ, ಓದಿದ್ದು ಮನುಷ್ಯರೋ ಯಂತ್ರವೋ ಎಂಬುದನ್ನೂ, ಯಂತ್ರವಾದರೆ ಅದರ ಓದನ್ನು ಪೂರ್ತಿ ಕೇಳಿ ತಿದ್ದಿದವರ ಹೆಸರನ್ನೂ ಹೇಳಿರಿ.